ಸಬ್ರ್ ಎಂದರೆ ಕ್ಷಮೆಯೇ? ಶುಕ್ರ್ ಎಂದರೆ?

ಪ್ರಶ್ನೆ: ಕಾಸರಗೋಡಿನಲ್ಲಿ ನೆರೆಯವರ ಮನೆಯಲ್ಲಿ ಸಾವಾಗಿತ್ತು. ಉಸ್ತಾದರು ‘ಸಬ್ರ್ ಬೇಕು’ ಅಂದರು, ಪಕ್ಕದವರು ಅದಕ್ಕೆ ‘ಕ್ಷಮ’ ಅಂತ ಅರ್ಥ ಹೇಳಿದರು. ಸತ್ತ ಮನೆಯಲ್ಲಿ ಯಾರನ್ನು ಕ್ಷಮಿಸುವುದು? ಶುಕ್ರ್ ಅಂದರೂ ಬರೀ ಕೃತಜ್ಞತೆಯಾ?

ಉತ್ತರ: ನಿಮಗೆ ಅರ್ಥ ಹೇಳಿದವರು ಮಲಯಾಳಂ ಮಾತಾಡಿದ್ದಾರೆ. ಮಲಯಾಳದ ‘ಕ್ಷಮ’ ಎಂದರೆ ತಾಳ್ಮೆ. ನಮ್ಮ ಕನ್ನಡದಲ್ಲಿ ‘ಕ್ಷಮೆ’ ಎಂದೊಡನೆ ತಪ್ಪು ಮನ್ನಿಸುವುದು ನೆನಪಾಗುತ್ತದೆ. ಮನ್ನಿಸುವುದಕ್ಕೆ ಅರಬಿಯಲ್ಲಿ ‘ಅಫ್ವ್’ ಎಂಬ ಬೇರೆಯೇ ಪದವಿದೆ.

ಸಬ್ರ್‌ನ ಮೂಲಾರ್ಥ ತಡೆಹಿಡಿಯುವುದು. ಕನ್ನಡದಲ್ಲಿ ‘ಸಹನೆ’ ಸರಿಹೊಂದುತ್ತದೆ, ಆದರೆ ಸುಮ್ಮನೆ ಕೈಕಟ್ಟಿ ಕೂರುವ ಸಹನೆಯಲ್ಲ. ಕಷ್ಟದಲ್ಲಿ ಎದೆಗೆಡದಿರುವುದು, ಪಾಪದ ಆಸೆಯನ್ನು ಅದುಮುವುದು, ನಮಾಝ್ ಉಪವಾಸಗಳನ್ನು ಬಿಡದೆ ನಡೆಸುವುದು, ಮೂರೂ ಸಬ್ರ್ ಎಂದು ವಿದ್ವಾಂಸರು ವಿವರಿಸುತ್ತಾರೆ. ಹಾಗಾಗಿ ಕೆಲವೆಡೆ ‘ಸ್ಥೈರ್ಯ’ವೇ ಹೆಚ್ಚು ಒಪ್ಪುತ್ತದೆ. ಅಳಬಾರದು ಎಂದೇನೂ ಇದರರ್ಥವಲ್ಲ. ಮಗ ಇಬ್ರಾಹೀಂ ತೀರಿಕೊಂಡಾಗ ಪ್ರವಾದಿಯವರೇ ಕಣ್ಣೀರಿಟ್ಟರೆಂದು ಹದೀಸ್‌ನಲ್ಲಿದೆ. ದೇವರಿಗೆ ಒಪ್ಪದ ಮಾತು ಮಾತ್ರ ಆಡಲಿಲ್ಲ. ಆ ಮನೆಯಲ್ಲಿ ನೀವು ‘ದೇವರು ನಿಮಗೆ ಸಹನೆ ಕೊಡಲಿ’ ಅಂದರೆ ಸಾಕು.

ಶುಕ್ರ್‌ಗೆ ‘ಕೃತಜ್ಞತೆ’ ಸರಿಯೇ, ಬಾಯಿಮಾತಿಗೆ ಮುಗಿಯುವುದಿಲ್ಲ ಅಷ್ಟೇ. ಕುರ್‌ಆನಿನ 34:13ರಲ್ಲಿ ದಾವೂದರ ಕುಟುಂಬಕ್ಕೆ ಶುಕ್ರ್ ‘ಮಾಡಿ’ ತೋರಿಸಲು ಹೇಳಿದೆ, ಅಂದರೆ ಕೆಲಸದಿಂದ. ಸಿಕ್ಕಿದ್ದು ದೇವರದೆಂದು ಮನಸ್ಸು ಒಪ್ಪಬೇಕು, ನಾಲಿಗೆ ಹೇಳಬೇಕು, ಅದನ್ನು ಒಳ್ಳೆಯದಕ್ಕೆ ಬಳಸಬೇಕು. ದಿನಬಳಕೆಯ ‘ಅಲ್‌ಹಮ್ದುಲಿಲ್ಲಾಹ್’ನಲ್ಲಿರುವ ‘ಹಮ್ದ್’ ಮಾತ್ರ ಸ್ತುತಿ. ಅದಕ್ಕೆ ಉಪಕಾರ ಸಿಕ್ಕಿರಲೇಬೇಕೆಂದಿಲ್ಲ.