ಮಿಕ್ಸಿಯ ವಿವರಣೆ ಕನ್ನಡದಲ್ಲಿದೆ, ಆದರೂ ಗಿರಾಕಿಗೆ ತಿಳಿಯುತ್ತಿಲ್ಲ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಗೃಹೋಪಯೋಗಿ ವಸ್ತುಗಳ ಅಂಗಡಿ. ಧಾರವಾಡ, ಗದಗ, ಹಾವೇರಿ ಕಡೆಯ ಗಿರಾಕಿಗಳಿಗೆ ವಾಟ್ಸಾಪ್ ಕ್ಯಾಟಲಾಗ್‌ನಲ್ಲೂ ಮಾರುತ್ತೇವೆ. ಕಂಪನಿ ಕೊಟ್ಟ ಇಂಗ್ಲಿಷ್ ವಿವರಣೆಯನ್ನು ನಾನೇ ಕನ್ನಡ ಮಾಡಿದೆ: ‘ಶಕ್ತಿಶಾಲಿ 750 ವ್ಯಾಟ್ ಮೋಟಾರಿನೊಂದಿಗೆ ಶ್ರಮರಹಿತ ರುಬ್ಬುವಿಕೆಯನ್ನು ಅನುಭವಿಸಿ. ಮೂರು ತುಕ್ಕುರಹಿತ ಉಕ್ಕಿನ ಜಾಡಿಗಳೊಂದಿಗೆ ಬರುವ ಇದು ನಿಮ್ಮ ಆಧುನಿಕ ಅಡುಗೆಮನೆಗೆ ಪರಿಪೂರ್ಣ ಸೇರ್ಪಡೆಯಾಗಿದೆ. ಅತಿಭಾರ ರಕ್ಷಕ, ಹೀರುವ ಪಾದಗಳು ಮತ್ತು 30 ನಿಮಿಷಗಳ ಕಾರ್ಯಾಚರಣೆಯನ್ನು ಹೊಂದಿದೆ.’ ಇದನ್ನು ಓದಿದವರೂ ಫೋನ್ ಮಾಡಿ ಎಲ್ಲವನ್ನೂ ಮತ್ತೆ ಕೇಳುತ್ತಾರೆ. ಎಲ್ಲಿ ತಪ್ಪಿದೆ, ಸರ್?

ಉತ್ತರ: ಫೋನ್ ಮಾಡಿದವರು ಏನು ಕೇಳುತ್ತಾರೆ ಎಂಬುದನ್ನು ಒಂದು ವಾರ ಬರೆದಿಡಿ. ನಿಮ್ಮ ವಿವರಣೆ ಹೇಳಬೇಕಾದದ್ದು ಅದನ್ನೇ. ‘ದೋಸೆ ಹಿಟ್ಟು ನುಣ್ಣಗಾಗುತ್ತದಾ? ಶೇಂಗಾ ಚಟ್ನಿಗೆ ಚಿಕ್ಕ ಜಾರ್ ಇದೆಯಾ? ಮೋಟರ್ ಸುಟ್ಟರೆ ಯಾರು ನೋಡುತ್ತಾರೆ?’ ಬಹುಪಾಲು ಪ್ರಶ್ನೆಗಳು ಇಂಥವೇ ಆಗಿರುತ್ತವೆ. ‘ಪರಿಪೂರ್ಣ ಸೇರ್ಪಡೆ’ಯ ಬಗ್ಗೆ ಯಾರೂ ಕೇಳುವುದಿಲ್ಲ, ಹಾಗಾಗಿ ಆ ವಾಕ್ಯವನ್ನು ತಿದ್ದುವ ಗೋಜಿಗೇ ಹೋಗದೆ ಬಿಟ್ಟುಬಿಡಿ.

ಇಂಗ್ಲಿಷಿನಲ್ಲಿ ‘ಗ್ರೈಂಡ್’ ಎಂಬ ಒಂದೇ ಮಾತಿದೆ. ನಮ್ಮಲ್ಲಿ ಉದ್ದಿನಬೇಳೆಯನ್ನು ರುಬ್ಬುತ್ತಾರೆ, ಚಟ್ನಿ ಅರೆಯುತ್ತಾರೆ, ಮಸಾಲೆ ಪುಡಿ ಮಾಡುತ್ತಾರೆ. ಕಂಪನಿ ಮೂರು ಅಳತೆಯ ಜಾರ್ ಕೊಟ್ಟಿರುವುದು ಈ ಮೂರು ಕೆಲಸಕ್ಕೇ. ನೀವು ಎಲ್ಲವನ್ನೂ ‘ರುಬ್ಬುವಿಕೆ’ಗೆ ಸೇರಿಸಿದ್ದರಿಂದ ಯಾವ ಜಾರ್ ಯಾತಕ್ಕೆ ಎಂಬುದೇ ಮಾಯವಾಯಿತು. ಇನ್ನು ‘ಜಾಡಿ’ ಎಂದರೆ ಓದುವವರ ಕಣ್ಣ ಮುಂದೆ ಉಪ್ಪಿನಕಾಯಿ ಬರುತ್ತದೆ. ಸ್ಟೀಲ್ ಜಾರ್ ಎಂದೇ ಬರೆಯಿರಿ, ಅಂಗಡಿಯಲ್ಲಿ ನೀವೂ ಹಾಗೇ ಅನ್ನುತ್ತೀರಿ.

ಉದಾಹರಣೆ ಸೇರಿಸುವಾಗ ಮಾತ್ರ ಹುಷಾರು. ಇಂಗ್ಲಿಷಿನಲ್ಲಿ ‘ಎಂಥ ಗಟ್ಟಿ ಪದಾರ್ಥವನ್ನೂ’ ಎಂಬ ಅರ್ಥದ ಸಾಲು ಇದ್ದರೆ ಅದನ್ನು ನಮ್ಮದಾಗಿಸುವ ಆಸೆಯಲ್ಲಿ ‘ಅರಿಶಿಣ ಕೊಂಬೂ ಪುಡಿಯಾಗುತ್ತದೆ’ ಎಂದು ಬರೆದುಬಿಡುತ್ತೇವೆ. ಕಂಪನಿಯದು ಹಾರಿಕೆಯ ಮಾತು, ನಿಮ್ಮದು ಸ್ಪಷ್ಟ ಭರವಸೆ. ಬ್ಲೇಡ್ ಹೋದರೆ ಗಿರಾಕಿ ನಿಮ್ಮ ಮೆಸೇಜನ್ನೇ ತೋರಿಸುತ್ತಾರೆ. ಜೊತೆಗೆ ಬರುವ ಕೈಪಿಡಿಯಲ್ಲಿ ಇದ್ದರೆ, ಇಲ್ಲವೇ ಆ ಮಾಡೆಲ್‌ನಲ್ಲಿ ನೀವೇ ಮಾಡಿ ನೋಡಿದ್ದರೆ ಮಾತ್ರ ಬರೆಯಿರಿ.

ಎಲ್ಲಕ್ಕಿಂತ ಅಪಾಯದ ಸಾಲು ‘30 ನಿಮಿಷಗಳ ಕಾರ್ಯಾಚರಣೆ’. ಓದಿದವರು ಅರ್ಧ ಗಂಟೆ ನಿಲ್ಲಿಸದೆ ಓಡಿಸಬಹುದು ಎಂದುಕೊಳ್ಳುತ್ತಾರೆ. ಮಿಕ್ಸಿಗಳಲ್ಲಿ ಈ ಅಂಕಿ ಸಾಮಾನ್ಯವಾಗಿ ನಡುನಡುವೆ ಬಿಡುವು ಕೊಟ್ಟು ಓಡಿಸುವ ಒಟ್ಟು ಹೊತ್ತನ್ನು ಹೇಳುತ್ತದೆ: 5 ನಿಮಿಷ ಓಡಿಸು, 2 ನಿಮಿಷ ನಿಲ್ಲಿಸು, ಹೀಗೆ ಆರು ಸಲ. ನಿಮ್ಮ ಮಾಡೆಲ್‌ನ ಲೆಕ್ಕ ಕೈಪಿಡಿಯಲ್ಲೋ ಮಿಕ್ಸಿಯ ಅಡಿಯ ಪಟ್ಟಿಯಲ್ಲೋ ಇರುತ್ತದೆ, ಅದನ್ನೇ ಬರೆಯಿರಿ. ಮದುವೆ ಮನೆಯಲ್ಲಿ ಒಂದೇ ಸಮ ಮಸಾಲೆ ಅರೆದು ಮೋಟರ್ ಸುಟ್ಟುಕೊಂಡವರಿಗೆ ವಾರಂಟಿಯೂ ಸಿಗದೆ ಹೋಗಬಹುದು. ಇಂಥ ಕಡೆ ಇಂಗ್ಲಿಷಿನ ಎರಡು ಪದಕ್ಕೆ ಕನ್ನಡದ ಎರಡು ವಾಕ್ಯ ಬೇಕಾದರೆ ಬೇಕು, ಉದ್ದವಾಯಿತೆಂದು ಕತ್ತರಿಸಬೇಡಿ.

‘ಅತಿಭಾರ ರಕ್ಷಕ’ದ ಕಥೆಯೂ ಇದೇ. ಹಿಟ್ಟು ಗಟ್ಟಿಯಾಗಿ ಮೋಟರ್‌ಗೆ ಭಾರ ಬಿದ್ದರೆ ಮಿಕ್ಸಿ ತಾನೇ ನಿಲ್ಲುತ್ತದೆ, ಮೋಟರ್ ಆರಿದ ಮೇಲೆ ಅಡಿಯ ಬಟನ್ ಒತ್ತಿದರೆ ಮತ್ತೆ ಹೊರಡುತ್ತದೆ. ಇದನ್ನು ಬರೆಯದಿದ್ದರೆ ‘ತಂದ ವಾರಕ್ಕೇ ಕೆಟ್ಟಿತು’ ಎಂದು ಮಿಕ್ಸಿ ವಾಪಸ್ ಬರುತ್ತದೆ. ಹೆಸರು ಏನೇ ಇರಲಿ, ಗಿರಾಕಿಗೆ ಬೇಕಾದದ್ದು ಅದು ಏನು ಮಾಡುತ್ತದೆ, ತಾನೇನು ಮಾಡಬೇಕು ಎಂಬುದು. ‘ಹೀರುವ ಪಾದಗಳ’ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಓದಿ ನಕ್ಕವರೂ ಇರಬಹುದು!

ಬರೆಯುವ ರೀತಿ ಹೀಗಿರಲಿ. ಇಂಗ್ಲಿಷ್ ಹಾಳೆಯನ್ನು ಒಂದೆರಡು ಸಲ ಓದಿ ಮುಚ್ಚಿಡಿ. ಕೌಂಟರಿನಲ್ಲಿ ಒಬ್ಬರು ನಿಂತಿದ್ದಾರೆ ಅಂದುಕೊಂಡು ಆ ಮಿಕ್ಸಿಯ ಬಗ್ಗೆ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಕೇಳಿಕೊಂಡು ಬರೆದುಕೊಳ್ಳಿ. ‘ಹೊಂದಿದೆ’, ‘ಒಳಗೊಂಡಿದೆ’, ‘ಇದರೊಂದಿಗೆ ಬರುತ್ತದೆ’ ಇವೆಲ್ಲ ಬಾಯಿಮಾತಿನಲ್ಲಿ ಬರುವುದೇ ಇಲ್ಲ, ತಾವಾಗಿ ಉದುರುತ್ತವೆ. ಕೊನೆಗೆ ಮಾತ್ರ ಇಂಗ್ಲಿಷ್ ಹಾಳೆ ತೆರೆದು ಅಂಕಿ, ಷರತ್ತುಗಳನ್ನು ಒಂದೊಂದಾಗಿ ತಾಳೆ ನೋಡಿ. ನಿಮ್ಮದನ್ನು ಹೀಗೆ ಮಾಡಿದರೆ ಸುಮಾರು ಈ ರೂಪಕ್ಕೆ ಬರುತ್ತದೆ (ವಾರಂಟಿ, ಜಾರ್ ಅಳತೆ ನೀವು ಕೊಟ್ಟಿಲ್ಲವಾದ್ದರಿಂದ ಮಾದರಿಗೆ ಹಾಕಿದ್ದೇನೆ):

‘750 ವ್ಯಾಟ್ ಮಿಕ್ಸಿ (ಮಿಕ್ಸರ್ ಗ್ರೈಂಡರ್), 3 ಸ್ಟೀಲ್ ಜಾರ್.
ದೋಸೆ, ಇಡ್ಲಿ ಹಿಟ್ಟು ರುಬ್ಬಲು ಒಂದೂವರೆ ಲೀಟರ್ ಜಾರ್. ಮಸಾಲೆ ಪುಡಿಗೆ 1 ಲೀಟರ್ ಜಾರ್. ಶೇಂಗಾ ಚಟ್ನಿ, ಹಸಿಮೆಣಸಿನಕಾಯಿ ಚಟ್ನಿಗೆ 400 ಮಿಲಿಯ ಚಿಕ್ಕ ಜಾರ್.
ಒಮ್ಮೆಗೆ 5 ನಿಮಿಷ ಓಡಿಸಿ, 2 ನಿಮಿಷ ಬಿಡುವು ಕೊಡಿ. ಭಾರ ಹೆಚ್ಚಾದರೆ ಮಿಕ್ಸಿ ತಾನಾಗಿ ನಿಲ್ಲುತ್ತದೆ, ಕೆಟ್ಟಿತೆಂದು ಗಾಬರಿಯಾಗಬೇಡಿ. ಸ್ವಿಚ್ ಆಫ್ ಮಾಡಿ, ಜಾರ್‌ನಿಂದ ಸ್ವಲ್ಪ ಹಿಟ್ಟು ತೆಗೆದು, ಮೋಟರ್ ಆರಿದ ಮೇಲೆ ಅಡಿಯಲ್ಲಿರುವ ಬಟನ್ ಒತ್ತಿ.
ಅಡಿಯ ರಬ್ಬರ್ ನುಣುಪಾದ ಕಟ್ಟೆಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಓಡುವಾಗ ಮಿಕ್ಸಿ ಜರುಗುವುದಿಲ್ಲ.
ಮಿಕ್ಸಿಗೆ 2 ವರ್ಷ, ಮೋಟರ್‌ಗೆ 5 ವರ್ಷ ವಾರಂಟಿ. ಬಿಲ್ ಜೋಪಾನವಾಗಿಡಿ.’

ಇಲ್ಲಿ ‘ವಾರಂಟಿ’ಯನ್ನು ‘ಗ್ಯಾರಂಟಿ’ ಮಾಡದೆ ಉಳಿಸಿರುವುದಕ್ಕೆ ಕಾರಣವಿದೆ. ಗ್ಯಾರಂಟಿ ಎಂದರೆ ಹೊಸದನ್ನೇ ಬದಲಿಸಿ ಕೊಡುತ್ತಾರೆ ಎಂದು ಬಹಳ ಜನ ತಿಳಿಯುತ್ತಾರೆ. ಜಾರ್, ಬ್ಲೇಡ್, ಕಪ್ಲರ್ ವಾರಂಟಿಗೆ ಸೇರದಿದ್ದರೆ ಅದನ್ನೂ ಅದೇ ಸಾಲಿನ ಕೆಳಗೆ ಬರೆಯಿರಿ. ಶೀರ್ಷಿಕೆಯಲ್ಲಿ ಮಿಕ್ಸಿ, ಮಿಕ್ಸರ್ ಎರಡೂ ಇರಲಿ, ಹುಡುಕುವವರು ಎರಡನ್ನೂ ಬಳಸುತ್ತಾರೆ. ಮಾಡೆಲ್ ನಂಬರನ್ನು ಡಬ್ಬಿಯ ಮೇಲಿರುವಂತೆ ಇಂಗ್ಲಿಷ್ ಅಕ್ಷರದಲ್ಲೇ ಬಿಡಿ. ಡಬ್ಬಿಯ ಮೇಲಿನ ಎಂಆರ್‌ಪಿ, ತಯಾರಕರ ಹೆಸರು-ವಿಳಾಸದಂಥ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು ಎಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಜೊತೆಗೆ ಕನ್ನಡ ಸೇರಿಸಲು ಅಡ್ಡಿಯಿಲ್ಲ, ಆದರೆ ಕನ್ನಡದ ಚೀಟಿಯನ್ನು ಅದರ ಮೇಲೇ ಅಂಟಿಸಬೇಡಿ.

ಕಳಿಸುವ ಮೊದಲು ಅಂಗಡಿಯ ಕೆಲಸದವರಲ್ಲದ, ದಿನಾ ಅಡುಗೆ ಮಾಡುವ ಒಬ್ಬರಿಗೆ ಓದಲು ಕೊಡಿ. ‘ಅರ್ಥವಾಯಿತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಮಿಕ್ಸಿ ನಡುವೆ ನಿಂತರೆ ಏನು ಮಾಡುತ್ತೀರಿ?’, ‘ಖಾರಪುಡಿಗೆ ಯಾವ ಜಾರ್ ತೆಗೆದುಕೊಳ್ಳುತ್ತೀರಿ?’ ಎಂದು ಕೇಳಿ. ಉತ್ತರ ತಡವರಿಸಿದ ಕಡೆ ವಾಕ್ಯ ಸರಿಯಿಲ್ಲ. ಮುಂದೆ ಮೈಸೂರು, ಮಂಗಳೂರು ಕಡೆಗೂ ಮಾರುವುದಾದರೆ ಇಡೀ ಬರಹ ಬದಲಿಸಬೇಕಿಲ್ಲ. ಶೇಂಗಾ ಚಟ್ನಿಯ ಜಾಗಕ್ಕೆ ಮೈಸೂರಿನವರಿಗೆ ಸಾರಿನ ಪುಡಿ, ಮಂಗಳೂರಿನವರಿಗೆ ನೀರ್‌ದೋಸೆ ಹಿಟ್ಟು ಬಂದರೆ ಸಾಕು, ಅದಕ್ಕೆ ತಕ್ಕ ಜಾರ್‌ನ ಸಾಲಿನಲ್ಲಿ.