ಕಂಪನಿ ಕಡೆಯಿಂದ ಎನ್‌ಪಿಎಸ್ ಹಾಕಿಸಿಕೊಂಡರೆ ಹೊಸ ಪದ್ಧತಿಯಲ್ಲೂ ತೆರಿಗೆ ಉಳಿಯುತ್ತಾ?

ಪ್ರಶ್ನೆ: ಖಾಸಗಿ ಕಂಪನಿಯಲ್ಲಿದ್ದೇನೆ. ಬೇಸಿಕ್ ತಿಂಗಳಿಗೆ 60,000, ವರ್ಷದ ಗ್ರಾಸ್ 13.7 ಲಕ್ಷ. 2025-26ಕ್ಕೆ ಹೊಸ ತೆರಿಗೆ ಪದ್ಧತಿ ಆರಿಸಿದ್ದೇನೆ. ಸ್ಪೆಷಲ್ ಅಲೋವೆನ್ಸ್‌ನಲ್ಲಿ ಸ್ವಲ್ಪ ಕಡಿಮೆ ಮಾಡಿ ಎನ್‌ಪಿಎಸ್‌ಗೆ ಕಟ್ಟುತ್ತೇವೆ ಅಂತ ಎಚ್‌ಆರ್ ಹೇಳ್ತಿದ್ದಾರೆ. ಒಪ್ಪಬಹುದಾ?

ಉತ್ತರ: ಎನ್‌ಪಿಎಸ್ ಅಂದರೆ ರಾಷ್ಟ್ರೀಯ ಪಿಂಚಣಿ ಯೋಜನೆ; ಅದಕ್ಕೆ ಹೋಗುವ ಹಣ ನಿವೃತ್ತಿಯವರೆಗೆ ಕೈಗೆ ಬೇಕಿಲ್ಲವೆಂದಾದರೆ ಒಪ್ಪಿಕೊಳ್ಳಿ. ನಿಮ್ಮ ಸಂಬಳದ ಮಟ್ಟದಲ್ಲಿ ಇದರ ಲಾಭ ಬಹಳ ದೊಡ್ಡದು.

ಕಂಪನಿ ಕಟ್ಟಿದ ಹಣವನ್ನು ಮೊದಲು ನಿಮ್ಮ ಸಂಬಳಕ್ಕೇ ಸೇರಿಸಿ, ಆಮೇಲೆ ಸೆಕ್ಷನ್ 80ಸಿಸಿಡಿ(2) ಪ್ರಕಾರ ಕಳೆಯುತ್ತಾರೆ. ಹೊಸ ಪದ್ಧತಿಯಲ್ಲಿ ಬೇಸಿಕ್ ಮತ್ತು ಡಿಎ ಸೇರಿದ ಮೊತ್ತದ ಶೇ. 14ರವರೆಗೆ ಕಳೆಯಬಹುದು. ಹಳೆಯದರಲ್ಲಿ ಖಾಸಗಿಯವರಿಗೆ ಶೇ. 10 ಮಾತ್ರ. ಎಚ್‌ಆರ್‌ಎ, ಸ್ಪೆಷಲ್ ಅಲೋವೆನ್ಸ್ ಈ ಲೆಕ್ಕಕ್ಕೆ ಬರುವುದಿಲ್ಲ.

ನಿಮಗೆ ಡಿಎ ಇಲ್ಲ ಎಂದುಕೊಳ್ಳೋಣ. ವರ್ಷದ ಬೇಸಿಕ್ 7,20,000, ಅದರ ಶೇ. 14 ಅಂದರೆ 1,00,800; ತಿಂಗಳಿಗೆ 8,400. ಎನ್‌ಪಿಎಸ್ ಇಲ್ಲದಿದ್ದರೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 12,95,000 ಉಳಿಯುತ್ತದೆ, ಅದಕ್ಕೆ ಸೆಸ್ ಸೇರಿ ತೆರಿಗೆ 77,220. ಎನ್‌ಪಿಎಸ್ ಕಳೆದರೆ ಆದಾಯ 11,94,200ಕ್ಕೆ ಇಳಿಯುತ್ತದೆ. 12 ಲಕ್ಷದ ಒಳಗಿರುವುದರಿಂದ 87ಎ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ! ತಿಂಗಳಿಗೆ 8,400 ಪಿಂಚಣಿ ಖಾತೆಗೆ ಹೋದರೂ 6,435 ತೆರಿಗೆ ಉಳಿಯುವುದರಿಂದ ಕೈಗೆ ಬರುವುದರಲ್ಲಿ ಕಡಿಮೆಯಾಗುವುದು ಬರೀ 1,965 ರೂಪಾಯಿ.

ಬೇರೆ ಆದಾಯ ಇದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. 10,000 ಎಫ್‌ಡಿ ಬಡ್ಡಿ ಬಂದರೆ ಆದಾಯ 12,04,200 ಆಗಿ ರಿಬೇಟ್ ತಪ್ಪುತ್ತದೆ. ಆದರೂ ಹೆದರಬೇಕಿಲ್ಲ, 12 ಲಕ್ಷ ಮೀರಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ತಡೆಯುವ ಮಾರ್ಜಿನಲ್ ರಿಲೀಫ್‌ನಿಂದಾಗಿ ಸೆಸ್ ಸೇರಿ 4,368 ಕಟ್ಟಿದರೆ ಸಾಕು.

ಹೆಚ್ಚಿನವರು ಎಡವುವುದು ಬೇರೆ ಕಡೆ. ನೀವೇ ಆನ್‌ಲೈನ್‌ನಲ್ಲಿ ಕಟ್ಟಿದ ಹಣಕ್ಕೆ, ಅಥವಾ ನಿಮ್ಮ ಪಾಲೆಂದು ಸಂಬಳದಲ್ಲಿ ಹಿಡಿದು ಕಂಪನಿ ಕಟ್ಟಿದ ಹಣಕ್ಕೆ, ಹೊಸ ಪದ್ಧತಿಯಲ್ಲಿ ಕಡಿತ ಸಿಗುವುದಿಲ್ಲ. ಮೊದಲ ತಿಂಗಳ ಹಣ ಜಮೆಯಾದ ಕೂಡಲೇ ನಿಮ್ಮ ಪ್ರಾನ್, ಅಂದರೆ ಎನ್‌ಪಿಎಸ್ ಖಾತೆ ಸಂಖ್ಯೆಯ ಸ್ಟೇಟ್‌ಮೆಂಟ್ ತೆಗೆದು ನೋಡಿ. 8,400 ಉದ್ಯೋಗದಾತರ ಕಾಲಂನಲ್ಲಿ ಇರಬೇಕು. ನಿಮ್ಮ ಕಾಲಂನಲ್ಲಿದ್ದರೆ ಪೇರೋಲ್‌ನವರಿಗೆ ಅಂದೇ ಬರೆಯಿರಿ, ವರ್ಷದ ಕೊನೆಗೆ ಅದನ್ನು ಸರಿಪಡಿಸುವುದು ತುಂಬಾ ಕಷ್ಟ. ಈಗಾಗಲೇ ಸ್ವಂತ ಪ್ರಾನ್ ಇದ್ದರೆ ಹೊಸದು ಮಾಡಿಸಬೇಡಿ, ಅದನ್ನೇ ಕಂಪನಿಯ ಕಾರ್ಪೊರೇಟ್ ಎನ್‌ಪಿಎಸ್‌ಗೆ ಜೋಡಿಸಿಕೊಳ್ಳಬಹುದು.

ಫಾರಂ 16 ಬಂದಾಗ ಭಾಗ ಬಿಯಲ್ಲಿ ಎರಡು ಕಡೆ ಕಣ್ಣಾಡಿಸಿ: 1,00,800 ಗ್ರಾಸ್ ಸಂಬಳದಲ್ಲಿ ಸೇರಿರಬೇಕು, 80ಸಿಸಿಡಿ(2) ಸಾಲಿನಲ್ಲೂ ಕಾಣಬೇಕು. ಗ್ರಾಸ್‌ನಲ್ಲಿ ಸೇರಿಸದೆ ಕಡಿತ ಮಾತ್ರ ತೋರಿಸಿದ್ದರೆ ಒಂದೇ ಹಣವನ್ನು ಎರಡು ಸಲ ಕಳೆದಂತಾಗುತ್ತದೆ. ರಿಟರ್ನ್ ಹಾಕುವ ಮೊದಲು ಫಾರಂ ತಿದ್ದಿಸಿಕೊಳ್ಳಿ.