ಹೇಳಿ, ಬತಾಯಿಯೇ, ಟೆಲ್ ಮಿ

*ಮೈಸೂರಿನ ಒಂದು ಹೋಟೆಲಿನಲ್ಲಿ ರಿಸೆಪ್ಷನ್ ಕೆಲಸಕ್ಕೆ ಸೇರಿ 2 ತಿಂಗಳಾಯಿತು. ಮೊನ್ನೆ ಉತ್ತರದ ಕಡೆಯ ಹಿರಿಯರೊಬ್ಬರಿಗೆ ನಗುತ್ತಲೇ ‘ಆಪ್ ಬೈಠೋ, ಐಡಿ ದೋ’ ಅಂದೆ. ಈ ಹುಡುಗಿಗೆ ಮರ್ಯಾದೆ ಗೊತ್ತಿಲ್ಲ ಎಂದು ಮ್ಯಾನೇಜರಿಗೆ ದೂರು ಕೊಟ್ಟರು. ನನ್ನ ತಪ್ಪೇನು?*
*— ಓದುಗರೊಬ್ಬರು, ಮೈಸೂರು*

ನಿಮ್ಮ ಮನಸ್ಸಿನಲ್ಲಿ ಮರ್ಯಾದೆ ಇತ್ತಮ್ಮ. ಅದು ಕ್ರಿಯಾಪದದ ತುದಿಗೆ ಬರಲಿಲ್ಲ, ಅಷ್ಟೇ. ಕನ್ನಡದಲ್ಲಿ ‘ಕೂತ್ಕೊ’, ‘ಕೂತ್ಕೊಳ್ಳಿ’ ಎಂದು ಎರಡೇ ಮೆಟ್ಟಿಲು. ಹಿಂದಿಯಲ್ಲಿ ಮೂರು: ಬೈಠ್, ಬೈಠೋ, ಬೈಠಿಯೇ. ನಡುವಿನದು ಗೆಳೆಯರಿಗೆ, ಕಿರಿಯರಿಗೆ. ‘ಆಪ್’ ಹಾಕಿದೆವಲ್ಲ, ಸಾಕು ಅಂದುಕೊಳ್ಳುತ್ತೇವೆ ನಾವು. ಎಲ್ಲರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಆದರೆ ವಯಸ್ಸಾದವರಿಗೆ ಚುಚ್ಚುತ್ತದೆ. ಆಯಿಯೇ, ಬೈಠಿಯೇ, ದೀಜಿಯೇ, ಬತಾಯಿಯೇ. ಈ ನಾಲ್ಕು ಬಾಯಿಗೆ ಬಂದರೆ ಕೌಂಟರಿನ ಅರ್ಧ ಮಾತು ಮುಗಿಯಿತು.

ಇಂಗ್ಲಿಷಿನಲ್ಲಿ ಆ ತುದಿಯೇ ಇಲ್ಲ. ಮಗುವಿಗೂ ‘ಸಿಟ್’, ಹಿರಿಯರಿಗೂ ‘ಸಿಟ್’. ಅದಕ್ಕೇ ಅಲ್ಲಿ ಕೇಳುವ ರೀತಿಯಲ್ಲೇ ಮರ್ಯಾದೆ ತೋರಿಸಬೇಕು: ‘ಮೇ ಐ ಸೀ ಯುವರ್ ಐಡಿ, ಪ್ಲೀಸ್?’ ನಾವು ಅಕ್ಕರೆಯಿಂದ ‘ಹೇಳಿ ಸರ್’ ಅನ್ನುತ್ತೇವೆ. ಹಿಂದಿಯ ‘ಬತಾಯಿಯೇ’ ಕೂಡ ಅಷ್ಟೇ ಹಿತ. ಅದನ್ನೇ ‘ಟೆಲ್ ಮಿ’ ಎಂದರೆ ಗದರಿದಂತೆ ಕೇಳುತ್ತದೆ. ‘ಹೌ ಮೇ ಐ ಹೆಲ್ಪ್ ಯು?’ ಅನ್ನಿ. ರಾತ್ರಿ 9ಕ್ಕೆ ಬಂದವರಿಗೂ ‘ಗುಡ್ ಈವ್ನಿಂಗ್’ ಅನ್ನಬೇಕು, ‘ಗುಡ್ ನೈಟ್’ ಹೊರಡುವಾಗಿನ ಮಾತು.

ಹಾಗಂತ ಆ ಪ್ಲೀಸನ್ನು ಕನ್ನಡಕ್ಕೆ ತಂದು ಮಾತುಮಾತಿಗೂ ‘ದಯವಿಟ್ಟು’ ಸೇರಿಸಬೇಡಿ. ಗೋಡೆಯ ಮೇಲಿನ ಸೂಚನೆ ಓದಿದಂತಿರುತ್ತದೆ. ‘ಐಡಿ ಕೊಡ್ತೀರಾ ಸರ್?’ ಎಂದರೆ ಸಾಕು.

ಒಂದು ಸಂದರ್ಭ ನೋಡೋಣ. ಬೆಳಿಗ್ಗೆ 10ಕ್ಕೆ ಒಂದು ಕುಟುಂಬ ಬಂದಿದೆ, ಚೆಕ್ ಇನ್ 12ಕ್ಕೆ. ಅವಸರದಲ್ಲಿ ‘ರೂಮ್ ನಹೀಂ ಹೈ’ ಅಂದುಬಿಟ್ಟರೆ ಬುಕಿಂಗೇ ಹೋಯಿತು ಎಂದು ಅವರು ಗಾಬರಿಯಾಗುತ್ತಾರೆ. ‘ಇಲ್ಲ’ ಎಂಬುದರ ಬದಲು ಸಮಯ ಹೇಳಿ, ಅಲ್ಲಿಯವರೆಗೆ ಏನು ಮಾಡಬಹುದು ಎಂದೂ ಹೇಳಿ.

ಕನ್ನಡದಲ್ಲಿ: ‘ನಮಸ್ಕಾರ, ಬನ್ನಿ ಸರ್. ರೂಮ್ ಕ್ಲೀನ್ ಆಗ್ತಾ ಇದೆ, 12ಕ್ಕೆ ಕೊಡ್ತೀವಿ. ಲಗೇಜ್ ಇಲ್ಲೇ ಇಟ್ಟು ತಿಂಡಿ ಮಾಡ್ಕೊಂಡು ಬರ್ತೀರಾ?’

ಹಿಂದಿಯಲ್ಲಿ: ‘ನಮಸ್ತೇ ಸರ್, ಆಯಿಯೇ. ರೂಮ್ ಬಾರಹ್ ಬಜೇ ತೈಯಾರ್ ಹೋ ಜಾಯೇಗಾ. ಸಾಮಾನ್ ಯಹಾಂ ರಖ್ ದೀಜಿಯೇ, ತಬ್ ತಕ್ ನಾಶ್ತಾ ಕರ್ ಲೀಜಿಯೇ.’

ಇಂಗ್ಲಿಷಿನಲ್ಲಿ: ‘ಗುಡ್ ಮಾರ್ನಿಂಗ್, ಸರ್. ಯುವರ್ ರೂಮ್ ವಿಲ್ ಬಿ ರೆಡಿ ಅಟ್ ಟ್ವೆಲ್ವ್. ಮೇ ವಿ ಕೀಪ್ ಯುವರ್ ಲಗೇಜ್ ಹಿಯರ್?’

ಇನ್ನೊಂದು ವಿಷಯ. ಅತಿಥಿ ಎದುರಿಗೇ ಇರುವಾಗ ರೂಮ್ ಬಾಯ್‌ಗೆ ‘ಸಾಬ್ ಆ ರಹಾ ಹೈ’ ಅನ್ನಬೇಡಿ. ಅದು ‘ಅವನು ಬರ್ತಿದಾನೆ’ ಅಂದಂತೆ. ‘ಸಾಬ್ ಆ ರಹೇ ಹೈಂ’ ಅನ್ನಿ. ನಿಮ್ಮ ಬಗ್ಗೆ ಹೇಳುವಾಗ ‘ಕರ್ತಾ ಹೂಂ’ ಅಲ್ಲ, ‘ಕರ್ತೀ ಹೂಂ’. ಆ ಹಿರಿಯರು ಇನ್ನೂ ಅಲ್ಲೇ ಇದ್ದರೆ ನಾಳೆ ಬೆಳಿಗ್ಗೆ ‘ನಮಸ್ತೇ ಸರ್, ಬೈಠಿಯೇ’ ಎಂದು ಒಮ್ಮೆ ಹೇಳಿ ನೋಡಿ.

— ಸಂಪಾದಕ